ಆಪ್ತ ಸಮಾಲೋಚನೆ ಟಿಪ್ಪಣಿ: ಕ್ಷಯದ ಆರು ತಿಂಗಳ ಚಿಕಿತ್ಸೆ

ರೋಗಿ: 42 ವರ್ಷದ ಪುರುಷ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ತೂಕ 47 ಕೆಜಿ.
ರೋಗ: ಶ್ವಾಸಕೋಶದ ಕ್ಷಯ. ಕಫದಲ್ಲಿ ರೋಗಾಣು ಕಂಡಿದೆ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದೆ. ಸಕ್ಕರೆ ಕಾಯಿಲೆ, ಎಚ್‌ಐವಿ ಎರಡೂ ಇಲ್ಲ.
ಗುಳಿಗೆ ಆರಂಭ: 5 ಜನವರಿ 2026. ದಿನಕ್ಕೆ ಮೂರು ಗುಳಿಗೆ, ಒಂದೇ ಸಲ.
ಚಿಕಿತ್ಸಾ ಬೆಂಬಲಿಗರು: ಪಕ್ಕದ ಮನೆಯಲ್ಲಿರುವ ಅತ್ತಿಗೆ.

ಅಣ್ಣಾ, ಇವತ್ತು ಕುಳಿತು ಮಾತನಾಡಿದ್ದನ್ನೆಲ್ಲ ಇದರಲ್ಲಿ ಬರೆದಿದ್ದೇನೆ. ಮನೆಗೆ ಹೋಗಿ ಅತ್ತಿಗೆಯವರ ಎದುರು ಒಮ್ಮೆ ಜೋರಾಗಿ ಓದಿ. ಅವರಿಗೆ ಸೇರಿದ ಮಾತೂ ಇದರಲ್ಲಿದೆ.

ಮೂರು ತಿಂಗಳಿಂದ ಕೆಮ್ಮುತ್ತಿದ್ದರೂ ಮೆಣಸಿನಕಾಯಿ ಘಾಟಿಗೆ ಹಮಾಲರೆಲ್ಲ ಕೆಮ್ಮುತ್ತಾರೆ ಎಂದು ಸುಮ್ಮನಿದ್ದಿರಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಆ ಮಾರುಕಟ್ಟೆಯಲ್ಲಿ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ನಿಮ್ಮ ಜೊತೆಯವರಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆಗೆ ಕಳಿಸಿ. ನಿಮ್ಮ ರೋಗದ ವಿಷಯ ಹೇಳಬೇಕಾಗಿಲ್ಲ.

ಮೊದಲ ಎರಡು ತಿಂಗಳು, ಅಂದರೆ 56 ದಿನ, ನಾಲ್ಕು ಔಷಧ ಸೇರಿದ ಗುಳಿಗೆ. ಆಮೇಲೆ 112 ದಿನ ಮೂರು ಔಷಧ ಸೇರಿದ ಗುಳಿಗೆ. ಒಂದು ದಿನವೂ ತಪ್ಪದಿದ್ದರೆ ಜೂನ್ 21ಕ್ಕೆ ಮುಗಿಯುತ್ತದೆ. ಬೆಳಗ್ಗೆ ತಿನ್ನುವ ಮೊದಲು ಮೂರನ್ನೂ ಒಟ್ಟಿಗೆ ನುಂಗಿ. ಒಂದು ಈಗ, ಒಂದು ರಾತ್ರಿ ಎಂದು ಹಂಚಬೇಡಿ.

ನಾನು ನಿಜವಾಗಿ ಅಂಜುವುದು ಫೆಬ್ರವರಿಗೆ. ಆಗ ಜ್ವರ ಹೋಗಿರುತ್ತದೆ, ಕೆಮ್ಮು ನಿಂತಿರುತ್ತದೆ, ಹಸಿವು ಬಂದಿರುತ್ತದೆ. ಮಾರುಕಟ್ಟೆಯಲ್ಲಿ ಚೀಲದ ಮೇಲೆ ಚೀಲ ಬೀಳುವ ಕಾಲವೂ ಅದೇ. ‘ಆರಾಮಾಗಿದ್ದೇನಲ್ಲ, ಗುಳಿಗೆ ಯಾಕೆ’ ಎಂದು ಅನ್ನಿಸಿಯೇ ಅನ್ನಿಸುತ್ತದೆ. ಮೊದಲ ವಾರಗಳಲ್ಲಿ ಸಾಯುವುದು ಬೇಗ ಬೇಗ ಬೆಳೆಯುವ ರೋಗಾಣುಗಳು. ಇನ್ನು ಕೆಲವು ಅಲುಗಾಡದೆ ಮಲಗಿರುತ್ತವೆ. ಉಳಿದ ತಿಂಗಳುಗಳ ಗುಳಿಗೆ ಅವುಗಳಿಗಾಗಿ. ನಡುವೆ ಬಿಟ್ಟರೆ ಅವು ಎದ್ದು, ಇದೇ ಗುಳಿಗೆಗೆ ಜಗ್ಗದಂತಾಗಬಹುದು. ಆಗ ಬೇರೆ ಗುಳಿಗೆ ಬೇಕಾಗುತ್ತದೆ, ಅವುಗಳ ತೊಂದರೆಯೂ ಬೇರೆ. ಆದ್ದರಿಂದ ನಿಮಗೆ ಆರಾಮಾದ ದಿನ ನನಗೆ ಒಂದು ಫೋನ್ ಮಾಡಿ, ಆ ದಿನ ಮತ್ತೊಮ್ಮೆ ಮಾತನಾಡೋಣ.

ಗುಳಿಗೆಯ ತೊಂದರೆಗಳು

ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು, ಬನಿಯನ್ ಮೇಲೆ ಕಲೆ ಬಿದ್ದರೆ ಗಾಬರಿಯಾಗಬೇಡಿ. ಅದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ. ಹೊಟ್ಟೆ ತೊಳಸಿದರೆ ಸ್ವಲ್ಪ ತಿಂದು ನುಂಗಿ, ಅರ್ಧ ರೊಟ್ಟಿ ಸಾಕು. ವಾಂತಿಯಲ್ಲಿ ಗುಳಿಗೆ ಹೊರಗೆ ಬಂದರೆ ಮತ್ತೆ ನುಂಗಬೇಕೋ ಬೇಡವೋ ಎಂದು ಫೋನ್ ಮಾಡಿ ಕೇಳಿ. ಕೀಲು ನೋವು ಬರಬಹುದು. ಚೀಲ ಹೊತ್ತದ್ದಕ್ಕೆ ಎಂದುಕೊಂಡು ಅಂಗಡಿಯಿಂದ ನೋವಿನ ಗುಳಿಗೆ ತರಬೇಡಿ, ನಮಗೆ ಹೇಳಿ. ಅಂಗೈ, ಅಂಗಾಲು ಜುಮ್ಮೆನ್ನುವುದನ್ನು ತಡೆಯಲು ಪಿರಿಡಾಕ್ಸಿನ್ ಎಂಬ ಚಿಕ್ಕ ಗುಳಿಗೆ ಕೊಟ್ಟಿದ್ದೇವೆ, ಅದನ್ನೂ ದಿನಾಲು ತೆಗೆದುಕೊಳ್ಳಿ. ಇವ್ಯಾವುದಕ್ಕೂ ಗುಳಿಗೆ ನಿಲ್ಲಿಸಬಾರದು.

ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಓಡಿ ಬರಬೇಕಾದವು ಬೇರೆ. ಕಣ್ಣು ಹಳದಿಯಾಗುವುದು, ಅನ್ನ ಕಂಡರೆ ಬೇಡವೆನ್ನಿಸಿ ಮೇಲಿಂದ ಮೇಲೆ ವಾಂತಿಯಾಗುವುದು, ಇವು ಯಕೃತ್ತು ಸೋತದ್ದರ ಗುರುತು. ಮೂತ್ರ ಹೇಗೂ ಕೆಂಪಾಗಿರುವುದರಿಂದ ಅದನ್ನು ನೋಡಿ ಕಾಮಾಲೆ ತಿಳಿಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಅತ್ತಿಗೆ ನಿಮ್ಮ ಕಣ್ಣಿನ ಬಿಳಿ ಭಾಗ ನೋಡಲಿ. ಕಾಮಾಲೆ ಎಂದು ನಾಟಿ ಔಷಧಕ್ಕೆ ಹೋಗಿ ದಿನ ಕಳೆಯಬೇಡಿ. ಎರಡನೆಯದು ದೃಷ್ಟಿ: ಮಂಜಾದರೆ, ಕೆಂಪು-ಹಸಿರು ಬೇರೆಯಾಗಿ ಕಾಣದಿದ್ದರೆ ಬನ್ನಿ. ಕೆಂಪು ಕಾಯಿಯನ್ನೇ ದಿನವಿಡೀ ನೋಡುವವರು ನೀವು, ಅದರ ಬಣ್ಣ ಮಾಸಿದಂತೆ ಕಂಡರೆ ತಡಮಾಡಬೇಡಿ. ಮೈತುಂಬ ಗಂಧೆಯೆದ್ದು ಜ್ವರ ಬಂದರೂ, ಬಾಯಿ ಹುಣ್ಣಾದರೂ ಹಾಗೆಯೇ. ಮತ್ತೆ ಶುರು ಮಾಡುವುದು ವೈದ್ಯರು ಹೇಳಿದ ಮೇಲೆ ಮಾತ್ರ.

ಕುಡಿತದ ಮಾತು. ಬಟವಾಡೆಯ ಸಂಜೆ ಕುಡಿಯುತ್ತೇನೆ ಎಂದು ನೀವು ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು. ಈ ಗುಳಿಗೆಗಳ ಭಾರ ಈಗಾಗಲೇ ಯಕೃತ್ತಿನ ಮೇಲಿದೆ, ಅದರ ಮೇಲೆ ಹೆಂಡ ಸೇರಿದರೆ ಅಪಾಯ. ಆರು ತಿಂಗಳು ಪೂರ್ತಿ ಬಿಡಬೇಕು. ಒಮ್ಮೆ ಕುಡಿದೇ ಬಿಟ್ಟರೆ, ‘ಇವತ್ತು ಗುಳಿಗೆ ಬೇಡ’ ಎಂದು ನೀವೇ ತೀರ್ಮಾನಿಸಬೇಡಿ. ಫೋನ್ ಮಾಡಿ, ನಾನು ಬಯ್ಯುವುದಿಲ್ಲ.

ಗುಳಿಗೆ ತಪ್ಪಿದರೆ

ಬೆಳಗ್ಗೆ ಮರೆತು ಮಧ್ಯಾಹ್ನವೋ ರಾತ್ರಿಯೋ ನೆನಪಾದರೆ ಆಗಲೇ ನುಂಗಿ. ದಿನವೇ ಕಳೆದುಹೋಗಿದ್ದರೆ ಮರುದಿನ ಎಂದಿನಂತೆ ಮೂರೇ ಗುಳಿಗೆ. ನಿನ್ನೆಯದು ಸೇರಿಸಿ ಆರು ಬೇಡ. ತಪ್ಪಿದ ದಿನವನ್ನು ಕೊನೆಯಲ್ಲಿ ಸೇರಿಸಿಕೊಳ್ಳುತ್ತೇವೆ, ಜೂನ್ 21 ಒಂದು ದಿನ ಮುಂದೆ ಹೋಗುತ್ತದೆ, ಅಷ್ಟೇ. ಎರಡು-ಮೂರು ದಿನ ಸಾಲಾಗಿ ತಪ್ಪಿದ್ದರೆ ತಿಂಗಳ ಭೇಟಿಗೆ ಕಾಯದೆ ತಿಳಿಸಿ. ತಿಂಗಳುಗಟ್ಟಲೆ ಬಿಟ್ಟವರಿಗೆ ಕಫ ಪರೀಕ್ಷೆಯಿಂದ ಎಲ್ಲವೂ ಹೊಸದಾಗಿ ಆಗಬೇಕಾಗುತ್ತದೆ. ಗುಳಿಗೆ ಬಿಟ್ಟು, ನುಂಗಿದ್ದೇನೆ ಎಂದು ಹೇಳುವುದಕ್ಕಿಂತ ಬಿಟ್ಟಿದ್ದೇನೆ ಎಂದು ಹೇಳಿ. ಸುಳ್ಳು ಹೇಳಿದರೆ ನಿಮಗೆ ಯಾವ ಔಷಧ ಕೊಡಬೇಕೆಂಬ ಲೆಕ್ಕವೇ ನಮಗೆ ತಪ್ಪುತ್ತದೆ.

ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗುವುದಿದೆ ಎಂದಿರಿ. ಹೋಗಿ ಬನ್ನಿ. ಎಷ್ಟು ದಿನವೋ ಅಷ್ಟರ ಗುಳಿಗೆ, ಎರಡು ದಿನದ್ದು ಹೆಚ್ಚಿಗೆ, ಅಂಗಿಯ ಒಳಜೇಬಿನಲ್ಲಿ ಇರಲಿ. ಗಂಟಿನಲ್ಲಿ ಬೇಡ, ಗಂಟು ಚಕ್ಕಡಿಯಲ್ಲಿ ಉಳಿಯುತ್ತದೆ. ಕೂಲಿಗೆಂದು ಗೋವಾಕ್ಕೆ ಹೋಗುವುದಾದರೆ ಮೊದಲೇ ಹೇಳಿ, ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಸಿಗುವಂತೆ ವರ್ಗಾಯಿಸಿ ಕೊಡುತ್ತೇವೆ.

ಅತ್ತಿಗೆಯವರಿಗೆ

ಅಕ್ಕಾ, ನಿಮ್ಮನ್ನು ಆರಿಸಿದ್ದು ನಿಮ್ಮ ಮೈದುನನೇ. ಮಾರುಕಟ್ಟೆಯವರಿಗೆ ಗೊತ್ತಾಗಬಾರದು, ಹೆಂಡತಿಯ ಮಾತನ್ನು ತಾನು ಕೇಳುವುದಿಲ್ಲ, ನಿಮ್ಮ ಮಾತು ಮೀರುವುದಿಲ್ಲ ಎಂದರು. ಪೊಟ್ಟಣ ನಿಮ್ಮ ಮನೆಯಲ್ಲಿರಲಿ. ಅವರು ಬೆಳಗ್ಗೆ ಬಂದು ನಿಮ್ಮೆದುರೇ ನೀರು ಕುಡಿದು ನುಂಗಲಿ, ಆಮೇಲೆ ಕಾರ್ಡಿನಲ್ಲಿ ಗುರುತು ಹಾಕಿ. ಸಂಜೆ ಕೇಳಿ ಹಾಕುವ ಗುರುತು ಬೇಡ. ಬರದಿದ್ದರೆ ನೀವೇ ಹೋಗಿ, ಆ ದಿನ ಸಂಜೆಯೊಳಗೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನೀವು ಊರಿಗೆ ಹೋಗುವುದಿದ್ದರೆ ಪೊಟ್ಟಣವನ್ನು ಆಶಾ ಕಾರ್ಯಕರ್ತೆಯ ಕೈಗೇ ಕೊಟ್ಟು ಹೋಗಿ. ಬಯ್ಯಬೇಡಿ, ನಾಲ್ಕು ಜನರ ಮುಂದೆ ಕೇಳಬೇಡಿ. ಬಯ್ದರೆ ನಿಮ್ಮ ಮನೆ ತಪ್ಪಿಸಿ ಮಾರುಕಟ್ಟೆಗೆ ನೇರ ಹೋಗುತ್ತಾರೆ, ಆಗ ನೋಡುವವರೇ ಇರುವುದಿಲ್ಲ.

ಅವರ ತಟ್ಟೆ, ಲೋಟ ಬೇರೆ ಮಾಡಬೇಡಿ. ಈ ರೋಗ ಗಾಳಿಯಿಂದ ಹರಡುತ್ತದೆ, ಎಂಜಲಿನ ಪಾತ್ರೆಯಿಂದಲ್ಲ. ಮೊದಲ ವಾರಗಳಲ್ಲಿ ಬಾಯಿಗೆ ಬಟ್ಟೆ, ಕಿಟಕಿ ತೆರೆದ ಕೋಣೆ, ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳುವುದು, ಇಷ್ಟಿದ್ದರೆ ಸಾಕು. ಕೆಲಸಕ್ಕೆ ಯಾವಾಗ ಮರಳಬಹುದೆಂದು ವೈದ್ಯರು ಹೇಳುತ್ತಾರೆ. ನಾಲ್ಕು ವರ್ಷದ ಮಗನನ್ನು ಮಾತ್ರ ಈ ವಾರವೇ ಕರೆತನ್ನಿ. ಅವನಿಗೆ ರೋಗವಿಲ್ಲ ಎಂದು ಖಾತ್ರಿಯಾದರೆ ಬರದಂತೆ ತಡೆಯುವ ಔಷಧ ಕೊಡುತ್ತೇವೆ. ಮನೆಯ ಉಳಿದವರನ್ನೂ ಪರೀಕ್ಷಿಸುತ್ತೇವೆ.

ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1000 ರೂಪಾಯಿಯಂತೆ ಬ್ಯಾಂಕ್ ಖಾತೆಗೆ ಬರುತ್ತದೆ. ಪಾಸ್‌ಬುಕ್ ಮತ್ತು ಆಧಾರ್ ಪ್ರತಿ ಇನ್ನೂ ಕೊಟ್ಟಿಲ್ಲ, ತನ್ನಿ. ಆ ಹಣ ಮೊಟ್ಟೆ, ಶೇಂಗಾ, ಕಾಳು, ಹಾಲಿಗೆ ಹೋಗಲಿ. ತೂಕ ಏರಿದರೆ ಗುಳಿಗೆಯ ಲೆಕ್ಕ ಬದಲಾಗಬಹುದು, ಆದ್ದರಿಂದ ಪ್ರತಿ ತಿಂಗಳೂ ತೂಕ ನೋಡುತ್ತೇವೆ. ನಾನು ಫೋನಿಗೆ ಸಿಗದಿದ್ದರೆ ಸಹಾಯವಾಣಿ 1800-11-6666, ದುಡ್ಡು ಬೀಳುವುದಿಲ್ಲ.

ಮಗನ ತಪಾಸಣೆ: ಈ ಶುಕ್ರವಾರ ಬೆಳಗ್ಗೆ 10ಕ್ಕೆ.
ತೂಕ, ಕಣ್ಣು, ಕಾರ್ಡ್ ನೋಡುವುದು: ಫೆಬ್ರವರಿ 2, ಸೋಮವಾರ. ಜಾತ್ರೆಯಿಂದ ತಡವಾದರೆ ಫೆಬ್ರವರಿ 4ರೊಳಗೆ.
ಎರಡನೆಯ ಕಫ ಪರೀಕ್ಷೆ: ಮಾರ್ಚ್ ಮೊದಲ ವಾರ. ಖಾಲಿ ಪೊಟ್ಟಣಗಳನ್ನೂ ತನ್ನಿ.