ಚೇತುಗೆ ಬೇಸಿಗೆ ರಜೆ ಫುಟ್‌ಬಾಲ್ ಪ್ರಾಕ್ಟೀಸ್ ಪ್ಲಾನ್: ಏಪ್ರಿಲ್ 6ರಿಂದ ಮೇ 30

ಚೇತು, ಎಕ್ಸಾಮ್ ಮುಗೀತು, ಇನ್ನು ನೆಪ ಹೇಳಂಗಿಲ್ಲ. ಶನಿವಾರ ಆಸ್ಟಿನ್ ಟೌನ್ ಗ್ರೌಂಡಲ್ಲಿ ಮೊಬೈಲಲ್ಲಿ ವಿಡಿಯೋ ಮಾಡಿ ಟೈಮ್ ನೋಡಿದ್ವಲ್ಲ, ಆ ನಂಬರ್‌ಗಳನ್ನ ನೋಟ್‌ಬುಕ್ ಮೊದಲ ಪುಟದಲ್ಲಿ ಬರ್ಕೋ. 10 ಮೀಟರ್ 1.96 ಸೆಕೆಂಡ್, 30 ಮೀಟರ್ 4.74, ನಿಂತಲ್ಲಿಂದ ಮುಂದಕ್ಕೆ ಹಾರಿದ್ದು 2.04 ಮೀಟರ್, ಬೆರಳಿಗೆ ಚಾಕ್‌ಪೀಸ್ ಪುಡಿ ಹಚ್ಕೊಂಡು ಗೋಡೆ ಪಕ್ಕ ಮೇಲಕ್ಕೆ ಹಾರಿದ್ದು 41 ಸೆಂಟಿಮೀಟರ್. ಮೇ 30 ಶನಿವಾರ ಅದೇ ಶೂ, ಅದೇ ಜಾಗ, ಅದೇ ಹೊತ್ತಲ್ಲಿ ಮತ್ತೆ ಅಳೀತೀವಿ. ಮಧ್ಯದಲ್ಲಿ ದಿನಾ ಅಳ್ಕೊಂಡು ಕೂತ್ಕೋಬೇಡ, ಎರಡು ದಿನಕ್ಕೆಲ್ಲ ಏನೂ ಬದಲಾಗಲ್ಲ, ಸುಮ್ನೆ ತಲೆಬಿಸಿ.

ಮೊದಲನೇದು, ಬೆಳಗ್ಗೆ ಎದ್ದು ಹತ್ತು ಹನ್ನೆರಡು ರೌಂಡ್ ಜಾಗಿಂಗ್ ಹೊಡೀತೀಯಲ್ಲ, ಈ ಎಂಟು ವಾರ ಅದನ್ನ ನಿಲ್ಸು. ಗೊತ್ತು, ಬೆವರು ಬಂದ್ರೇನೇ ಪ್ರಾಕ್ಟೀಸ್ ಅನ್ಸೋದು ನಿಂಗೆ. ಆದ್ರೆ ನೀನು ವಿಂಗರ್ ಕಣೋ, ಮ್ಯಾಚಲ್ಲಿ ನಿಂಗೆ ಬೇಕಾಗಿರೋದು ಡಿಫೆಂಡರ್‌ಗಿಂತ ಮೊದಲ ನಾಲ್ಕು ಹೆಜ್ಜೆ ಮುಂದೆ ಹೋಗೋದು. ಜೋರಾಗಿ ಓಡುವಾಗ ಒಂದೊಂದು ಸಲ ಕಾಲು ನೆಲಕ್ಕೆ ತಾಗಿರೋದು ಸೆಕೆಂಡಿನ ಹತ್ತನೇ ಒಂದು ಭಾಗ, ಹೆಚ್ಚಂದ್ರೆ ಎರಡು ಭಾಗ ಅಷ್ಟೇ. ಅಷ್ಟರಲ್ಲಿ ನೆಲನ ಎಷ್ಟು ಜೋರಾಗಿ ತಳ್ತೀಯ ಅನ್ನೋದೇ ಸ್ಪೀಡು, ಜಂಪು ಎರಡೂ. ಸುಸ್ತಾದ ಕಾಲಲ್ಲಿ ಓಡಿದ್ರೆ ಸುಸ್ತಲ್ಲಿ ಓಡೋದನ್ನೇ ಕಲೀತೀಯ. ಅದಕ್ಕೆ ಈ ಪ್ಲಾನಲ್ಲಿ ನಿಲ್ಲೋದೇ ಜಾಸ್ತಿ, ಓಡೋದು ಕಮ್ಮಿ, ನೋಡಿದವ್ರು ಸೋಮಾರಿ ಅಂತಾರೆ, ಅನ್ಲಿ ಬಿಡು.

ಸೋಮವಾರ, ಗುರುವಾರ ಬೆಳಗ್ಗೆ 6ಕ್ಕೆ: ಸ್ಪ್ರಿಂಟ್ ಮತ್ತೆ ಜಂಪ್

ವಾರ್ಮಪ್ 15 ನಿಮಿಷ. ನಿಧಾನ ಓಟ, ಹೈ ನೀಸ್, ಸ್ಕಿಪ್, ಲಂಜ್, ಕಾಲು ಹಿಂದೆ ಮುಂದೆ ಬೀಸೋದು, ಆಮೇಲೆ ಮುಕ್ಕಾಲು ಜೋರಲ್ಲಿ ಮೂರು ಸಲ 20 ಮೀಟರ್. ಸ್ಕೂಲಲ್ಲಿ ಫಿಫಾ 11+ ಹೇಳ್ಕೊಟ್ಟಿದ್ರೆ ಅದನ್ನೇ ಮಾಡು, ಅದು ಚೆನ್ನಾಗಿದೆ.

ಮೊದಲ ಮೂರು ವಾರ 10 ಮೀಟರ್ 6 ಸಲ, 20 ಮೀಟರ್ 4 ಸಲ. ರೆಸ್ಟ್ ಲೆಕ್ಕ ಸುಲಭ, 10 ಮೀಟರ್‌ಗೆ ಒಂದು ನಿಮಿಷ, 20ಕ್ಕೆ ಎರಡು, 30ಕ್ಕೆ ಮೂರು. ಫೋನಲ್ಲಿ ಟೈಮರ್ ಇಟ್ಕೋ, ಇಲ್ಲಾಂದ್ರೆ ನೀನು ಮೂವತ್ತು ಸೆಕೆಂಡಿಗೇ ಹೊರಡ್ತೀಯ. ಏದುಸಿರು ಬರ್ತಿದೆ ಅಂದ್ರೆ ರೆಸ್ಟ್ ಸಾಲಲ್ಲ ಅಂತರ್ಥ. ಶುರು ಮಾಡೋದನ್ನ ಬದಲಾಯಿಸ್ತಾ ಇರು, ಒಂದ್ಸಲ ನಿಂತು ಮುಂದಕ್ಕೆ ವಾಲಿ ಬೀಳೋ ಥರ, ಒಂದ್ಸಲ ಪುಶಪ್ ಪೊಸಿಷನ್ನಿಂದ, ಒಂದ್ಸಲ ಬೆನ್ನು ತಿರುಗಿಸಿ ನಿಂತು. ನಿನ್ನ ವಿಡಿಯೋಲಿ ನೋಡಿದೆ, ಎರಡನೇ ಹೆಜ್ಜೆಗೇ ನೆಟ್ಟಗೆ ನಿಂತ್ಬಿಡ್ತೀಯ. ಮೊದಲ ಐದಾರು ಹೆಜ್ಜೆ ಕಣ್ಣು ನೆಲದ ಮೇಲಿರ್ಲಿ, ಹಿಂದಕ್ಕೆ ತಳ್ತಾ ಹೋಗು, ಮೈ ತಾನೇ ಮೇಲೇಳುತ್ತೆ.

5, 6ನೇ ವಾರ 10 ಮೀಟರ್ 4, 20 ಮೀಟರ್ 4, 30 ಮೀಟರ್ 3. 7ನೇ ವಾರ 10 ಮೀಟರ್ 3, 30 ಮೀಟರ್ 5.

ಜಂಪ್ ಸ್ಪ್ರಿಂಟ್‌ಗಿಂತ ಮೊದಲೇ ಮಾಡ್ಬೇಕು, ವಾರ್ಮಪ್ ಆದ ತಕ್ಷಣ. ಮೊದಲ ಮೂರು ವಾರ ಹಾರೋದಕ್ಕಿಂತ ಇಳಿಯೋದು ಮುಖ್ಯ. ಮೊಣಕಾಲೆತ್ತರದ ಕಟ್ಟೆ ಮೇಲಕ್ಕೆ ಹಾರು, ಕೆಳಗೆ ನಡ್ಕೊಂಡು ಇಳಿ, 4 ಸಲದಂತೆ 4 ಸೆಟ್. ಆಮೇಲೆ ಮುಂದಕ್ಕೆ ಹಾರಿ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲು, 3 ಸಲದಂತೆ 4 ಸೆಟ್. ಇಳಿಯುವಾಗ ಧಬ್ ಅಂತ ಸದ್ದಾಗ್ಬಾರ್ದು, ಮಂಡಿ ಒಳಕ್ಕೆ ವಾಲಬಾರ್ದು. 5ನೇ ವಾರದಿಂದ ನಿಲ್ಲದೆ ಮೂರು ಜಂಪ್ ಒಟ್ಟಿಗೆ, ಒಂಟಿ ಕಾಲಲ್ಲಿ ಕುಪ್ಪಳಿಸೋದು, ಮತ್ತೆ ಓಡಿ ಬಂದು ಹೆಡರ್‌ಗೆ ಹಾರೋದು ಸೇರಿಸ್ಕೋ. ದಿನಕ್ಕೆ ಒಟ್ಟು 50 ಜಂಪ್ ದಾಟ್ಬಾರ್ದು. ಸುನಿಲ್ ಛೇತ್ರಿ ಏನ್ ಮಹಾ ಎತ್ತರದ ಆಳಲ್ಲ, ಆದ್ರೂ ಎಷ್ಟು ಹೆಡರ್ ಗೋಲ್ ಹೊಡ್ದಿದಾರೆ, ಹಾರೋ ಟೈಮಿಂಗೂ ಅಷ್ಟೇ ಮುಖ್ಯ, ಅದಕ್ಕೆ ಬಾಲ್ ಇಟ್ಕೊಂಡೇ ಮಾಡು.

ಅದೇ ದಿನ ಸಂಜೆ, ಮನೇಲಿ: ಸ್ಟ್ರೆಂತ್

ಜಿಮ್ ಬೇಡ ಈಗ. ಸ್ಕೂಲ್ ಬ್ಯಾಗು, ಅದರೊಳಗೆ 5 ಕೆಜಿ ಅಕ್ಕಿ ಪ್ಯಾಕೆಟ್ ಎರಡು (ಅಮ್ಮನ್ನ ಕೇಳಿ ತಗೋ, ಹರಿದು ಹೋದ್ರೆ ನನ್ ಹೆಸರು ಹೇಳ್ಬೇಡ). ಒಂಟಿ ಕಾಲಲ್ಲಿ ಮಾಡಿದ್ರೆ ಇಷ್ಟು ಭಾರ ಸಾಕೇ ಸಾಕು.

ಬ್ಯಾಗ್ ಎದೆಗೆ ಅವಚ್ಕೊಂಡು ಸ್ಕ್ವಾಟ್, 3 ಸೆಟ್ 8. ಹಿಂದಿನ ಕಾಲು ಮಂಚದ ಮೇಲಿಟ್ಟು ಸ್ಪ್ಲಿಟ್ ಸ್ಕ್ವಾಟ್, ಒಂದೊಂದು ಕಾಲಿಗೆ 3 ಸೆಟ್ 6. ಒಂಟಿ ಕಾಲಲ್ಲಿ ನಿಂತು ಸೊಂಟದಿಂದ ಬಗ್ಗೋ ಡೆಡ್‌ಲಿಫ್ಟ್, 3 ಸೆಟ್ 6, ಬೆನ್ನು ಗೂನಾಗ್ಬಾರ್ದು. ಮೆಟ್ಟಿಲ ತುದೀಲಿ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು, 3 ಸೆಟ್ 12. ಪ್ರತಿ ಸೆಟ್ ಕೊನೇಲಿ ಇನ್ನೂ ಎರಡು ಮಾಡ್ಬೋದಿತ್ತು ಅನ್ನಿಸ್ಬೇಕು, ಅಲ್ಲಿಗೆ ನಿಲ್ಸು. ನಾಲ್ಕೈದು ಮಾಡ್ಬೋದಿತ್ತು ಅನ್ಸಿದ್ರೆ ಮುಂದಿನ ವಾರ ಬ್ಯಾಗಿಗೆ ಎರಡು ಕೆಜಿ ಹಾಕು.

ಕೊನೇಗೆ ನಾರ್ಡಿಕ್. ಚಾಪೆ ಮೇಲೆ ಮಂಡಿಯೂರಿ ಕೂತ್ಕೋ, ತಮ್ಮ ಹಿಂದಿಂದ ಎರಡೂ ಹಿಮ್ಮಡಿ ಗಟ್ಟಿಯಾಗಿ ಹಿಡ್ಕೊಳ್ಲಿ, ಸೊಂಟ ಮುರೀದೆ ಇಡೀ ಮೈ ಹಲಗೆ ಥರ ನಿಧಾನಕ್ಕೆ ಮುಂದಕ್ಕೆ ಬಿಡು, ತಡೀಲಾರೆ ಅನ್ನಿಸ್ದಾಗ ಕೈ ಊರಿ ಬೀಳು. ಮೊದಲ ವಾರ 2 ಸೆಟ್ 3 ಮಾತ್ರ. ಜಾಸ್ತಿ ಮಾಡಿದ್ರೆ ಮಾರನೇ ದಿನ ಬಸ್ ಹತ್ತೋಕೂ ಆಗಲ್ಲ, ನಂಗೆ ಆಗಿತ್ತು, ಮೂರು ದಿನ ಮುದುಕನ ಥರ ಓಡಾಡಿದ್ದೆ. 7ನೇ ವಾರಕ್ಕೆ 3 ಸೆಟ್ 5ಕ್ಕೆ ಬಾ. ತೊಡೆ ಹಿಂದಿನ ಸ್ನಾಯು ಹಿಡ್ಕೊಳೋದು ಕಮ್ಮಿ ಮಾಡೋಕೆ ಇದಕ್ಕಿಂತ ಒಳ್ಳೇದು ನಂಗ್ ಗೊತ್ತಿಲ್ಲ.

ಉಳಿದ ದಿನ

ಮಂಗಳವಾರ, ಶುಕ್ರವಾರ ಬಾಲ್ ಜೊತೆ 40 ನಿಮಿಷ ಆರಾಮಾಗಿ, ಎಡಗಾಲಿಗೇ ಜಾಸ್ತಿ. ಬುಧವಾರ ಪುಶಪ್, ಪುಲಪ್, ಪ್ಲ್ಯಾಂಕ್, ಸೈಡ್ ಪ್ಲ್ಯಾಂಕ್, ಎಲ್ಲ 3 ಸೆಟ್. ಶನಿವಾರ ಹುಡುಗ್ರ ಜೊತೆ ಒಂದ್ ಗಂಟೆ ಫೈವ್ಸ್ ಆಡು, ದಮ್ಮು ಅದರಲ್ಲೇ ಉಳ್ಕೊಳುತ್ತೆ. ಭಾನುವಾರ ಏನೂ ಬೇಡ.

4ನೇ ವಾರ, ಅಂದ್ರೆ ಏಪ್ರಿಲ್ 27ರಿಂದ ಮೇ 3, ಎಲ್ಲಾ ಅರ್ಧಕ್ಕೆ ಇಳಿಸು. 8ನೇ ವಾರನೂ ಹಂಗೇ, ಗುರುವಾರ ಸಂಜೆ ಸ್ಟ್ರೆಂತ್ ಪೂರ್ತಿ ಬಿಟ್ಬಿಡು, ಟೆಸ್ಟ್‌ಗೆ ಕಾಲು ಫ್ರೆಶ್ ಇರ್ಲಿ.

ಮಂಡಿ ಚಿಪ್ಪಿನ ಕೆಳಗೆ ಇರೋ ಗಂಟು ಮುಟ್ಟಿದ್ರೆ ನೋವಾದ್ರೆ ಮುಚ್ಚಿಡ್ಬೇಡ. ನಿನ್ ವಯಸ್ಸಲ್ಲಿ ಎತ್ತರ ಬೆಳೆಯೋವಾಗ ಅದು ತುಂಬ ಹುಡುಗ್ರಿಗೆ ಬರುತ್ತೆ, ಆಗ ಜಂಪ್ ನಿಲ್ಸಿ ನಂಗೆ ಹೇಳು, ಕಮ್ಮಿ ಆಗ್ಲಿಲ್ಲ ಅಂದ್ರೆ ಡಾಕ್ಟ್ರ ಹತ್ರ ಹೋಗೋಣ. ಸ್ನಾಯು ನೋವು ಬೇರೆ, ಮೂಳೆ ಸಂದಿ ನೋವು ಬೇರೆ.

ತಿನ್ನೋದು: ಪ್ರೋಟೀನ್ ಡಬ್ಬ ಕೊಡ್ಸು ಅಂತ ಅಪ್ಪನ್ನ ಪೀಡಿಸ್ಬೇಡ. ಮೂರು ಮೊಟ್ಟೆ, ಹಾಲು, ಮೊಸರು, ಹುರುಳಿಕಾಳು ಸಾರು, ಮುದ್ದೆ, ಮಧ್ಯಾಹ್ನ ಒಂದ್ ಹಿಡಿ ಕಡ್ಲೆಕಾಯಿ, ಗ್ರೌಂಡಿಗೆ ಹೋಗೋ ಮುಂಚೆ ಬಾಳೆಹಣ್ಣು. ರಾತ್ರಿ ಒಂಬತ್ತೂವರೆಗೆ ಫೋನ್ ಅಮ್ಮನ ಕೈಗೆ, ಎಂಟು ಗಂಟೆ ನಿದ್ದೆ ಬೇಕೇ ಬೇಕು.

30 ಮೀಟರ್ 4.6ರ ಹತ್ರ ಬಂದು, ಉದ್ದ ಜಂಪ್ 2.15 ದಾಟಿದ್ರೆ ನಂಗೆ ಖುಷಿ, ಅದಕ್ಕಿಂತ ಜಾಸ್ತಿ ಈಗ್ಲೇ ಆಸೆ ಇಟ್ಕೋಬೇಡ. ಸೋಮವಾರ 6ಕ್ಕೆ ಗೇಟ್ ಹತ್ರ ಇರ್ತೀನಿ, ನೀರಿನ ಬಾಟ್ಲು ಎರಡು ತಾ. ತಮ್ಮಂಗೆ ಕಾಲು ಹಿಡ್ಕೊಳೋಕೆ ದಿನಕ್ಕೊಂದು ಕಡ್ಲೆ ಮಿಠಾಯಿ ಅಂತ ನಾನೇ ಮಾತಾಡಿದೀನಿ, ದುಡ್ಡು ನೀನು ಕೊಡ್ಬೇಕು.