ಈ ವಾರದ ದರಪಟ್ಟಿ ನೀನೇ ಮಾಡಬೇಕು

ನಾನು ನಾಳೆ ರಾತ್ರಿ ರೈಲಿಗೆ ಊರಿಗೆ ಹೊರಟೆ. ಬರುವುದು 13ಕ್ಕೆ. ಅಷ್ಟರವರೆಗೆ ಡೊಂಬಿವಲಿ ಅಂಗಡಿ ನಿನ್ನ ಕೈಯಲ್ಲಿ. ತೂಕ, ಗಲ್ಲಾ ಎಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ದರಪಟ್ಟಿ ಒಂದೇ, ಅದಕ್ಕೇ ಇಷ್ಟು ಬರೆದಿಟ್ಟಿದ್ದೇನೆ ಮಾರಾಯ.

ಮೊದಲು ಮೊಬೈಲ್ ಮುಟ್ಟಬೇಡ. ಪೆನ್ನು ತಗೊಂಡು ರ‍್ಯಾಕಿನ ಮುಂದೆ ನಿಂತುಕೋ. ಇರುವ ಸಾಮಾನು ಮಾತ್ರ ಬರೆದುಕೋ. ಖಾಲಿಯಾದದ್ದನ್ನು ಪಟ್ಟಿಯಲ್ಲಿ ಬಿಟ್ಟರೆ ಗಾಂಧಾರಿ ಮೆಣಸಿಗೇ ಹತ್ತು ಫೋನು ಬರುತ್ತವೆ. ಉಪ್ಪಿನಕಾಯಿ ಬಾಟಲಿಯಂಥ ಪ್ಯಾಕ್ ಮಾಲಿಗೆ ಮೇಲೆ ಅಚ್ಚಾದ ಎಂಆರ್‌ಪಿ ನೋಡು, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಹಾಕುವ ಹಾಗಿಲ್ಲ. ಬಿಡಿ ಸಾಮಾನಿಗೆ ವಾಶಿ ಮಾರ್ಕೆಟ್ಟಿನ ಕೊನೆಯ ಬಿಲ್ಲು ಗಲ್ಲಾದ ಕೆಳಗಿದೆ.

ಆಮೇಲೆ ಮೊಬೈಲ್. ಗೂಗಲ್ ಡಾಕ್ಸ್‌ನಲ್ಲಿ ಹಳೇ ಪಟ್ಟಿ ಇದೆ. ಮೂರು ಚುಕ್ಕೆ ಒತ್ತಿ Make a copy ಮಾಡು, ಹಳೇದನ್ನೇ ತಿದ್ದಬೇಡ. ಯಾರಿಗೆ ಯಾವ ವಾರ ಏನು ದರ ಹೇಳಿದ್ದೆವು ಎಂದು ನೋಡಲು ಅದು ಬೇಕು. Page setup ಒಳಗೆ ಕಾಗದದ ಅಳತೆ A5 ಇರಲಿ. A4 ಇಟ್ಟರೆ ಅಕ್ಷರ ಇರುವೆಯಷ್ಟಾಗುತ್ತದೆ. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಕನ್ನಡಕ ಹುಡುಕುವವರು.

ತಲೆಯಲ್ಲಿ ಅಂಗಡಿ ಹೆಸರು, ಬೋರ್ಡಿನಲ್ಲಿರುವ ನಂಬರು ಹಾಗೇ ಇರಲಿ. ಅದರ ಕೆಳಗೆ ಈ ಸಲದ್ದು ಹೀಗೆ:

ದರಪಟ್ಟಿ: ಅಕ್ಟೋಬರ್ 5ರಿಂದ 12ರವರೆಗೆ ಮಾತ್ರ

| ಸಾಮಾನು | ಅಳತೆ | ದರ |
|---|---|---|
| ಕೆಂಪು ಕುಚ್ಚಲಕ್ಕಿ | 5 ಕೆಜಿ | ₹340 |
| ಬ್ಯಾಡಗಿ ಮೆಣಸು | 250 ಗ್ರಾಂ | ₹110 |
| ಪುನರ್ಪುಳಿ ಸಿಪ್ಪೆ (ಆಮ್ಸೂಲ್) | 250 ಗ್ರಾಂ | ₹120 |
| ಜೋನಿ ಬೆಲ್ಲ | 1 ಕೆಜಿ | ₹140 |
| ಹಲಸಿನ ಹಪ್ಪಳ | 25ರ ಕಟ್ಟು | ₹110 |
| ಗಾಣದ ತೆಂಗಿನೆಣ್ಣೆ | 1 ಲೀಟರ್ | ₹450 |
| ಮಿಡಿ ಉಪ್ಪಿನಕಾಯಿ | 500 ಗ್ರಾಂ | ₹260 |

*ಸಂಜೆ 5ರೊಳಗೆ ಹೇಳಿದರೆ ಮರುದಿನ ಮನೆಗೆ. ₹500ರ ಮೇಲೆ ಡೊಂಬಿವಲಿ ಪೂರ್ವಕ್ಕೆ ಉಚಿತ, ಪಶ್ಚಿಮಕ್ಕೆ ₹30. ಹಪ್ಪಳ, ಉಪ್ಪಿನಕಾಯಿ ವಾಪಸು ಇಲ್ಲ.*

ಆಮ್ಸೂಲ್ ಯಾಕೆ ಬರೆದೆ ಅಂದರೆ, ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಪುನರ್ಪುಳಿ ಅಂದರೆ ಅರ್ಥವಾಗುವುದಿಲ್ಲ.

ತಾರೀಕು ಮಾತ್ರ ಮರೆಯಬೇಡ. ಮಳೆಗಾಲದಲ್ಲಿ ಒಂದು ಸಲ ನಾನು ಹಾಕಿರಲಿಲ್ಲ. ಎರಡು ತಿಂಗಳ ಹಿಂದಿನ ಪಟ್ಟಿ ಯಾರ‍್ಯಾರದೋ ಮೊಬೈಲು ಸುತ್ತಿ ಒಬ್ಬರು ಅಕ್ಕನ ಕೈಗೆ ಬಂತು. ಅಂಗಡಿಗೇ ಬಂದು ಪರದೆ ತೋರಿಸಿದರು. "ಎಣ್ಣೆ ಮುನ್ನೂರ ಎಂಬತ್ತು ಅಂತ ನೀವೇ ಬರೆದದ್ದಲ್ವಾ ಅಣ್ಣ?" ಬರೆದದ್ದು ನಾನೇ. ಎರಡು ಲೀಟರ್ ಆ ದರಕ್ಕೇ ಕೊಟ್ಟೆ. ಪಟ್ಟಿ ಹೋದ ಕಡೆ ನಾವು ಹೋಗಿ ವಿವರಿಸಲಿಕ್ಕೆ ಆಗುವುದಿಲ್ಲ. ಅದಕ್ಕೇ ಅಳತೆ, ತಾರೀಕು, ಡೆಲಿವರಿ ಎಲ್ಲ ಅದರ ಮೈಮೇಲೇ ಇರಬೇಕು. ಎರಡನೇ ಪುಟ ಆದರೆ ಅಲ್ಲೂ ತಾರೀಕು ಹಾಕು.

ಬರೆದಾದ ಮೇಲೆ ಅತ್ತೆಗೆ ಓದಲು ಕೊಡು. ನೀನು ಹಳೇ ಪಟ್ಟಿ ಹಿಡಿದುಕೋ, ಅವಳು ಹೊಸ ದರ ಜೋರಾಗಿ ಓದಲಿ. 110 ಇದ್ದದ್ದು 11 ಆದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಬೀಳುತ್ತದೆ.

ಸರಿ ಇದ್ದರೆ ಮತ್ತೆ ಮೂರು ಚುಕ್ಕೆ, Share & export, ಅಲ್ಲಿ Send a copy, PDF. ಮೊದಲು ನನಗೊಬ್ಬನಿಗೆ ವಾಟ್ಸಾಪ್ ಮಾಡು. ಫೈಲಿನ ಹೆಸರು `ದರಪಟ್ಟಿ-ಅಕ್ಟೋಬರ್-5` ಇರಲಿ, `Untitled document` ಅಂತ ಹೋದರೆ ಯಾರೂ ತೆರೆಯುವುದಿಲ್ಲ. ಪರದೆಯ ಫೋಟೋ ಹೊಡೆದು ಸುಮ್ನೆ ಕಳಿಸಬೇಡ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಹಿಗ್ಗಿಸಿ ನೋಡಿದರೆ ಅಕ್ಷರ ಮಸುಕು. ಪಿಡಿಎಫ್ ಆದರೆ ಎಷ್ಟು ಹಿಗ್ಗಿಸಿದರೂ ಅಕ್ಷರ ಗಟ್ಟಿ.

ನಾನು ಸರಿ ಅಂದ ಮೇಲೆ ಬ್ರಾಡ್‌ಕಾಸ್ಟ್. ಒಂದು ಲಿಸ್ಟಿಗೆ 256 ಜನ ಮಾತ್ರ, ಅದಕ್ಕೇ ಎರಡು ಮಾಡಿಟ್ಟಿದ್ದೇನೆ: ಪೂರ್ವ, ಪಶ್ಚಿಮ. ನಮ್ಮ ನಂಬರು ಸೇವ್ ಮಾಡದವರಿಗೆ ಅದು ಮುಟ್ಟುವುದಿಲ್ಲ. ಹೊಸ ಗಿರಾಕಿ ಬಂದರೆ ಬಿಲ್ ಕೊಡುವಾಗಲೇ ಸೇವ್ ಮಾಡಿಸು. ಸೊಸೈಟಿ ಗುಂಪುಗಳಿಗೆ ಹಾಕಬೇಡ, ಬೈಗುಳ ತಿನ್ನುವುದು ನಾನು.

ಕಳಿಸುವುದು ಬೆಳಿಗ್ಗೆ ಹತ್ತರ ಮೇಲೆ. ಏಳಕ್ಕೆ ಎಲ್ಲರೂ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿರುತ್ತಾರೆ. ಎಣ್ಣೆ ದರ ಮಧ್ಯೆ ಏರಿದರೆ ಪಟ್ಟಿ ಬದಲಿಸಬೇಡ, 12ರವರೆಗೆ ಅದೇ ದರ. ಊರಿಂದ ಬರುವಾಗ ಗಾಂಧಾರಿ ಮೆಣಸು ತರುತ್ತೇನೆ. ಕೇಳಿದವರ ಹೆಸರು ಪುಸ್ತಕದಲ್ಲಿ ಬರೆದಿಡು.