ಸಿಟಿ ಸ್ಕ್ಯಾನ್ ನಂತರದ ಹಸ್ತಾಂತರ ಟಿಪ್ಪಣಿ: ವಾರ್ಡ್ 3, ಹಾಸಿಗೆ 14

ದಿನಾಂಕ: 14-07-2025, ಸೋಮವಾರ. ಬರೆದ ಸಮಯ: ಸಂಜೆ 6:50
ಯಾರಿಗೆ: ವಾರ್ಡ್ 3ರ ನೈಟ್ ಡ್ಯೂಟಿ ಸಿಸ್ಟರ್ ಮತ್ತು ಸಿಟಿ ರೂಮಿನ ನೈಟ್ ಟೆಕ್ನಾಲಜಿಸ್ಟ್
ಯಾರಿಂದ: ಸಿಟಿ ರೂಮ್, ಹಗಲು ಪಾಳಿಯ ಟೆಕ್ನಾಲಜಿಸ್ಟ್
ರೋಗಿ: ಹೆಂಗಸು, 61 ವರ್ಷ, 54 ಕೆ.ಜಿ. ಸಿಟಿ ಕ್ರಮಸಂಖ್ಯೆ 1186

ಮೊದಲು ಇದನ್ನು ಓದಿ: ಕಾಂಟ್ರಾಸ್ಟ್ ಕೊಟ್ಟು 17 ನಿಮಿಷಕ್ಕೆ ಮೈಮೇಲೆ ದದ್ದು ಎದ್ದಿತು. ಸೌಮ್ಯ ಪ್ರತಿಕ್ರಿಯೆ. ಔಷಧಿಗೆ ಇಳಿದಿದೆ, ಆದರೆ ಪೂರ್ತಿ ಹೋಗಿಲ್ಲ. ಹಿಂದೆಯೂ ಒಮ್ಮೆ ಹೀಗೇ ಆಗಿತ್ತು ಎಂದು ಆಮೇಲೆ ಗೊತ್ತಾಯಿತು. ಕೇಸ್ ಶೀಟಿನ ಒಳಪುಟದಲ್ಲಿ "ಅಲರ್ಜಿ ಇಲ್ಲ" ಎಂದು ಇನ್ನೂ ಇದೆ. ಅದನ್ನು ನಂಬಬೇಡಿ. ಮೇಲಿನ ಹಾಳೆಗೆ ಕೆಂಪು ಸ್ಟಿಕ್ಕರ್ ಹಚ್ಚಿದ್ದೇನೆ.

ಇಂಗ್ಲಿಷ್ ಫಾರ್ಮ್ ತುಂಬಿ ಫೈಲಿನಲ್ಲಿ ಇಟ್ಟಿದ್ದೇನೆ. ಅದರಲ್ಲಿ ಟಿಕ್ ಹಾಕಲು ಮಾತ್ರ ಜಾಗ. ಇವತ್ತು ರಾತ್ರಿ ನೀವಿಬ್ಬರೂ ಕನ್ನಡ ಓದುವವರು, ಹಾಗಾಗಿ ನಡೆದದ್ದನ್ನು ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಇದೇ ವಾರ್ಡಿನ ಹಾಸಿಗೆ 17ರಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದಾರೆ. ದಯವಿಟ್ಟು ಹೆಸರು ಕರೆದು ಸುಮ್ನೆ ಔಷಧಿ ಕೊಡಬೇಡಿ, ಕೈಪಟ್ಟಿಯ ಸಂಖ್ಯೆ ನೋಡಿ.

ಯಾಕೆ ಸ್ಕ್ಯಾನ್

ಮೂರು ದಿನದಿಂದ ಹೊಟ್ಟೆಯ ಬಲಗಡೆ ಕೆಳಗೆ ನೋವು, ಜ್ವರ. ಅಪೆಂಡಿಕ್ಸ್ ಸುತ್ತ ಗಡ್ಡೆ ಕಟ್ಟಿರಬಹುದು ಎಂಬ ಸಂಶಯದಲ್ಲಿ ಸರ್ಜನ್ ಹೊಟ್ಟೆಯ ಕಾಂಟ್ರಾಸ್ಟ್ ಸಿಟಿ ಬರೆದಿದ್ದರು. ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು. ಬೆಳಿಗ್ಗೆಯ ಕ್ರಿಯಾಟಿನಿನ್ 0.9, ಇಜಿಎಫ್‌ಆರ್ 72. ಕಿಡ್ನಿ ಕಡೆಯಿಂದ ಕಾಂಟ್ರಾಸ್ಟ್‌ಗೆ ತೊಂದರೆ ಇರಲಿಲ್ಲ.

ಮಲಗಿಸಿದ ರೀತಿ

ಅಂಗಾತ, ಕಾಲು ಮೊದಲು ಒಳಗೆ. ಸ್ಟ್ರೆಚರಿನಿಂದ ಟೇಬಲಿಗೆ ಮೂವರು ಸೇರಿ ಜಾರುಹಾಳೆಯಲ್ಲಿ ಎಳೆದೆವು. ತಾವಾಗಿ ಮಗ್ಗುಲಾಗಲು ನೋವು ಬಿಡಲಿಲ್ಲ.

ಬೆನ್ನು ಗೂನಾಗಿದೆ. ತಲೆಯ ಕೆಳಗೆ ದಪ್ಪ ದಿಂಬು ಕೊಟ್ಟ ಮೇಲೆಯೇ ಕುತ್ತಿಗೆ ನಿಂತಿತು. ಮೊಣಕಾಲ ಕೆಳಗೆ ವೆಜ್ ಇಟ್ಟೆ. ಅದರಿಂದ ಹೊಟ್ಟೆಯ ಸ್ನಾಯು ಸಡಿಲವಾಯಿತು, ಮುಖದಲ್ಲೂ ಸ್ವಲ್ಪ ನೆಮ್ಮದಿ ಕಂಡಿತು. ಗೂನಿನಿಂದ ಮೈ ಮೇಲಕ್ಕೆ ಬರುತ್ತದೆ, ಹಾಗಾಗಿ ಟೇಬಲನ್ನು ಎಂದಿಗಿಂತ ಕೆಳಗೆ ಇಳಿಸಿ ನಡುಮಟ್ಟ ಹೊಂದಿಸಿದೆ.

ಎಡ ಭುಜ ಸೆಟೆದುಕೊಂಡಿದೆ, ಎರಡು ವರ್ಷದಿಂದ. ಕೈ ತಲೆಯ ಮೇಲೆ ಹೋಗುವುದೇ ಇಲ್ಲ. ಬಲಗೈ ಮಾತ್ರ ಮೇಲೆ ಇಟ್ಟು, ಮೊಣಕೈ ನೇರ ಇರುವಂತೆ ದಿಂಬು ಕೊಟ್ಟೆ. ಎಡಗೈಯನ್ನು ಪಕ್ಕಕ್ಕೆ ಬಿಡದೆ ದಿಂಬಿನ ಮೇಲೆ ಎದೆಯ ಮೇಲಕ್ಕೆ ಇಟ್ಟೆ. ಆದರೂ ಎಡ ಮೊಣಕೈಯಿಂದ ಗುಲ್ಮದ ಮಟ್ಟದಲ್ಲಿ ಸಣ್ಣ ಗೆರೆಗಳು ಬಂದಿವೆ. ನೋಡಬೇಕಾದ ಬಲ ಕೆಳಭಾಗ ಚೆನ್ನಾಗಿ ಬಂದಿದೆ. ಗೆರೆ ಯಾಕೆ ಎಂದು ರೇಡಿಯಾಲಜಿಸ್ಟ್‌ಗೆ ರಿಕ್ವೆಸ್ಟ್‌ನಲ್ಲೇ ಬರೆದಿದ್ದೇನೆ.

ಸೊಂಟದ ನೂಲಿನಲ್ಲಿ ಬೆಳ್ಳಿ ತಾಯಿತ ಇತ್ತು. ಅದನ್ನು ಬಿಚ್ಚಿಸಿ 4:35ಕ್ಕೆ ಮಗಳ ಕೈಗೆ ಕೊಟ್ಟೆ. ಕರಿಮಣಿ ತೆಗೆಯಲು ಅವರಿಗೆ ಮನಸ್ಸಿರಲಿಲ್ಲ. ಸ್ಕ್ಯಾನ್ ಆಗುವ ಜಾಗಕ್ಕೆ ಅದು ಬರುವುದಿಲ್ಲ ಅಲ್ವಾ, ಕುತ್ತಿಗೆಯ ಹತ್ತಿರ ಸರಿಸಿ ಗಾಜ್ ಪಟ್ಟಿಯಲ್ಲಿ ಕಟ್ಟಿದೆ. ಒತ್ತಾಯ ಮಾಡಲಿಲ್ಲ.

ಯಂತ್ರದ ಉಸಿರಿನ ಸೂಚನೆ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಮಾತ್ರ ಇದೆ. ಅಮ್ಮನ ಎಡ ಕಿವಿ ಮಂದ. ಹಾಗಾಗಿ ಆಟೋ ವಾಯ್ಸ್ ನಿಲ್ಲಿಸಿ ನಾನೇ ಮೈಕಿನಲ್ಲಿ "ಉಸಿರು ಎಳೆಯಿರಿ, ಹಿಡಿದುಕೊಳ್ಳಿ, ಇನ್ನು ಬಿಡಿ" ಎಂದೆ. ಮೊದಲೇ ಮೂರು ಸಲ ಅಭ್ಯಾಸ ಮಾಡಿಸಿದ್ದೆ. 8 ಸೆಕೆಂಡು ಹಿಡಿದರು, ಅಷ್ಟು ಸಾಕಾಯಿತು. ಅಲುಗಾಟ ಇಲ್ಲ, ಮತ್ತೆ ತೆಗೆಯಬೇಕಾಗಲಿಲ್ಲ.

ಕೊಟ್ಟ ಕಾಂಟ್ರಾಸ್ಟ್

ಐಯೋಹೆಕ್ಸಾಲ್ 350, 80 ಮಿ.ಲೀ. (28 ಗ್ರಾಂ ಅಯೋಡಿನ್). ವಾರ್ಮರಿನಲ್ಲಿ 37 ಡಿಗ್ರಿಗೆ ಬೆಚ್ಚಗೆ ಮಾಡಿದ್ದು. ಬಲ ಮೊಣಕೈ ಮಡಿಕೆಯ 20 ಗೇಜ್ ಕ್ಯಾನುಲಾದಲ್ಲಿ, ಇಂಜೆಕ್ಟರಿನಿಂದ ಸೆಕೆಂಡಿಗೆ 3 ಮಿ.ಲೀ., ಹಿಂದೆಯೇ 30 ಮಿ.ಲೀ. ಸಲೈನ್. ಮೊದಲು ಕೈಯಿಂದ 10 ಮಿ.ಲೀ. ಸಲೈನ್ ಹಾಕಿ ನೋಡಿದ್ದೆ, ಸಲೀಸಾಗಿ ಹೋಯಿತು. ಬ್ಯಾಚ್ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸಿದೆ. ಬಾಯಿಯಿಂದಾಗಲಿ ಗುದದಿಂದಾಗಲಿ ಏನೂ ಕೊಟ್ಟಿಲ್ಲ.

ಇಂಜೆಕ್ಷನ್ ಶುರು 4:52ಕ್ಕೆ. 70ನೇ ಸೆಕೆಂಡಿಗೆ ವಪೆಯಿಂದ ಗುಹ್ಯದ ಎಲುಬಿನವರೆಗೆ ಒಂದೇ ಸುತ್ತು. ಪ್ಲೇನ್ ಸ್ಕ್ಯಾನ್ ಬೇಡ ಎಂದು ರೇಡಿಯಾಲಜಿಸ್ಟ್ ಮೊದಲೇ ಹೇಳಿದ್ದರು. ಪರದೆಯಲ್ಲಿ CTDIvol 8.4 mGy, DLP 395 mGy·cm.

ಕೈಯಲ್ಲಿ ಊತ ಇಲ್ಲ, ಔಷಧಿ ಹೊರಗೆ ಸೋರಿಲ್ಲ. ಮೈ ಬಿಸಿಯಾಯಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು, ಮೂತ್ರ ಹೋದ ಹಾಗಾಯಿತು ಎಂದರು. ಇದು ಎಲ್ಲರಿಗೂ ಆಗುವಂಥದ್ದು, ಮೊದಲೇ ಹೇಳಿದ್ದೆ, ಹೆದರಲಿಲ್ಲ. ಕ್ಯಾನುಲಾ ತೆಗೆದಿಲ್ಲ. ಇವತ್ತು ರಾತ್ರಿ ತೆಗೆಯಲೂ ಬೇಡಿ.

ಪ್ರತಿಕ್ರಿಯೆ

4:58ಕ್ಕೆ ಟೇಬಲಿನಿಂದ ಇಳಿಸಿದಾಗ ಬಿಪಿ 136/82, ನಾಡಿ 84, ಆಕ್ಸಿಜನ್ 98. ನಮ್ಮ ಎದುರಿನ ಹಾಸಿಗೆಯಲ್ಲೇ ಮಲಗಿಸಿಕೊಂಡೆ.

5:09ಕ್ಕೆ ಕರಿಮಣಿಯ ಕೆಳಗೆ ಕೆರೆದುಕೊಳ್ಳುವುದು ಕಂಡಿತು. ಗಾಜ್ ಪಟ್ಟಿಯ ತುರಿಕೆ ಇರಬೇಕು ಎಂದು ಅವರೇ ಹೇಳಿದರು. ಪಟ್ಟಿ ಬಿಚ್ಚಿ ನೋಡಿದರೆ ಕುತ್ತಿಗೆಯಲ್ಲಿ, ಎದೆಯ ಮೇಲ್ಭಾಗದಲ್ಲಿ, ಬಲ ತೋಳಿನ ಒಳಗೆ ಒಟ್ಟು ಆರು ದದ್ದು, ದೊಡ್ಡದು ಒಂದು ರೂಪಾಯಿ ನಾಣ್ಯದಷ್ಟು. ತುಟಿ, ನಾಲಗೆ, ಕಣ್ಣ ರೆಪ್ಪೆ ಊದಿಲ್ಲ. ಸ್ವರ ಬದಲಾಗಿಲ್ಲ. ಎದೆಯಲ್ಲಿ ಸಿಳ್ಳೆಯ ಸದ್ದಿಲ್ಲ. ವಾಂತಿ ಇಲ್ಲ. ಬಿಪಿ 128/78, ನಾಡಿ 96, ಆಕ್ಸಿಜನ್ 97.

ಡ್ಯೂಟಿ ಡಾಕ್ಟರಿಗೆ 5:10ಕ್ಕೆ ಫೋನ್ ಮಾಡಿದೆ, 5:13ಕ್ಕೆ ಬಂದರು. ಅವರ ಆದೇಶದಂತೆ 5:17ಕ್ಕೆ ಸಿಸ್ಟರ್ ಫೆನಿರಮೈನ್ 45.5 ಮಿ.ಗ್ರಾಂ. ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು. ಚರ್ಮಕ್ಕಷ್ಟೇ ನಿಂತಿದೆ, ಸಕ್ಕರೆ ಕಾಯಿಲೆಯೂ ಇದೆ, ಆದ್ದರಿಂದ ಸ್ಟೀರಾಯ್ಡ್ ಈಗ ಬೇಡ ಎಂದು ಡಾಕ್ಟರು ನಿರ್ಧರಿಸಿದರು. ಅಡ್ರಿನಲಿನ್ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದೆವು, ಬೇಕಾಗಲಿಲ್ಲ.

5:40ಕ್ಕೆ ತುರಿಕೆ ಕಡಿಮೆಯಾಯಿತು. 6:10ಕ್ಕೆ ಎದೆ, ತೋಳಿನವು ಮಾಯ. ಕುತ್ತಿಗೆಯಲ್ಲಿ ಎರಡು ಮಸುಕಾಗಿ ಉಳಿದಿವೆ, ಪೆನ್ನಿನಿಂದ ಸುತ್ತ ಗುರುತು ಮಾಡಿದ್ದೇನೆ. ಅದಕ್ಕಿಂತ ದೊಡ್ಡದಾದರೆ ಹೊಸದೆಂದೇ ತಿಳಿಯಿರಿ. 6:30ಕ್ಕೆ ವಾರ್ಡಿಗೆ ಬಿಟ್ಟಾಗ ಬಿಪಿ 130/80, ನಾಡಿ 82, ಉಸಿರು 18, ಆಕ್ಸಿಜನ್ 98.

ಮೊದಲೇ ಗೊತ್ತಾಗಬೇಕಿದ್ದ ಮಾತು

ಅಡ್ಮಿಷನ್ನಿನಲ್ಲಿ ಮಲಯಾಳದಲ್ಲಿ ಕೇಳಿದ್ದಾರೆ, ಅಮ್ಮ ತಲೆ ಅಲ್ಲಾಡಿಸಿದ್ದಾರೆ. ನಾನು ಕನ್ನಡದಲ್ಲೇ ಕೇಳಿದೆ, ಆದರೆ "ಅಲರ್ಜಿ ಉಂಟಾ?" ಎಂದು ಕೇಳಿದೆ. ಇಲ್ಲ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದು ನನ್ನ ತಪ್ಪು. ದದ್ದು ಎದ್ದ ಮೇಲೆ "ಹೀಗೆ ಮೈ ಎದ್ದದ್ದು ಮುಂಚೆ ಯಾವಾಗಲಾದರೂ ಉಂಟಾ ಅಮ್ಮ?" ಎಂದು ಕೇಳಿದಾಗ ತಕ್ಷಣ ಹೇಳಿದರು. ಸುಮಾರು ಹದಿನೈದು ವರ್ಷದ ಹಿಂದೆ ಕಿಡ್ನಿ ಕಲ್ಲಿಗೆ ಇಂಜೆಕ್ಷನ್ ಹಾಕಿ ಫೋಟೋ ತೆಗೆದಿದ್ದರಂತೆ, ಆಗ ಮೈ ತುಂಬ ಪಿತ್ತದ ಗಂಧೆ ಎದ್ದಿತ್ತಂತೆ. ಪಿತ್ತ ಎಂದುಕೊಂಡವರು ಅದನ್ನು ಅಲರ್ಜಿ ಎಂದು ಯಾಕೆ ಹೇಳುತ್ತಾರೆ? ಕಾಂಟ್ರಾಸ್ಟ್‌ಗೆ ಹಿಂದೆ ಪ್ರತಿಕ್ರಿಯೆ ಆಗಿದ್ದರೆ ಮತ್ತೆ ಆಗುವ ಸಂಭವ ಜಾಸ್ತಿ. ಗೊತ್ತಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ, ಬೇರೆ ದಾರಿ ಯೋಚಿಸಬಹುದಿತ್ತು. ರೇಡಿಯಾಲಜಿಸ್ಟ್‌ಗೂ ಡ್ಯೂಟಿ ಡಾಕ್ಟರಿಗೂ ಇಷ್ಟನ್ನೂ ಹೇಳಿದ್ದೇನೆ.

ಗಂಡ "ನಾವು ಮೀನು ತಿನ್ನುವವರಲ್ಲ, ಮತ್ತೆ ಹೇಗೆ ಬಂತು?" ಎಂದು ಕೇಳಿದರು. ಮೀನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನ ಹೇಳಿದೆ. ನಿಮ್ಮನ್ನೂ ಕೇಳಬಹುದು.

ಸಿಸ್ಟರ್, ರಾತ್ರಿ ನೋಡಬೇಕಾದದ್ದು

ಡಾಕ್ಟರು ಬರೆದಂತೆ 9 ಗಂಟೆವರೆಗೆ ಅರ್ಧ ಗಂಟೆಗೊಮ್ಮೆ ಬಿಪಿ, ನಾಡಿ, ಆಕ್ಸಿಜನ್. ಆಮೇಲೆ ಎರಡು ಗಂಟೆಗೊಮ್ಮೆ. ಫೆನಿರಮೈನ್ ಮಂಪರು ತರುತ್ತದೆ. ನಿದ್ದೆ ಬಂದಿದೆ ಎಂದು ಬಿಟ್ಟುಬಿಡದೆ ಒಮ್ಮೆ ಮಾತಾಡಿಸಿ, ಬಲ ಕಿವಿಯ ಹತ್ತಿರ. ಹಾಸಿಗೆಯ ಕಂಬಿ ಮೇಲಿರಲಿ, ಬಾತ್‌ರೂಮಿಗೆ ಒಬ್ಬರೇ ಹೋಗುವುದು ಬೇಡ.

ಸ್ವರ ಒಡೆದರೆ, ಗಂಟಲು ಬಿಗಿದ ಹಾಗಿದೆ ಎಂದರೆ, ಮುಖ ಊದಿದರೆ, ಉಸಿರು ಸಿಳ್ಳೆ ಹಾಕಿದರೆ, ಬಿಪಿ ಇಳಿದರೆ ಕಾಯಬೇಡಿ. ಡಾಕ್ಟರನ್ನು ಕರೆಯಿರಿ. ಅಂಥ ಹೊತ್ತಿಗೆ ಅವರು ಬರೆದಿಟ್ಟ ಆದೇಶ ಫೈಲಿನಲ್ಲಿದೆ: ಅಡ್ರಿನಲಿನ್ 0.5 ಮಿ.ಗ್ರಾಂ., ಅಂದರೆ 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವುದರಲ್ಲಿ ಅರ್ಧ ಮಿ.ಲೀ., ತೊಡೆಯ ಹೊರಭಾಗದ ಸ್ನಾಯುವಿಗೆ.

ಸ್ಕ್ಯಾನ್ ಆದವರಿಗೆ ಕೊಡುವ ಚೀಟಿಯಲ್ಲಿ "ನೀರು ಜಾಸ್ತಿ ಕುಡಿಯಿರಿ" ಎಂದಿದೆ. ಇವರಿಗೆ ಆ ಮಾತು ಇಲ್ಲ. ಸರ್ಜನ್ ಬಾಯಿಗೆ ಏನೂ ಕೊಡಬೇಡಿ ಎಂದಿದ್ದಾರೆ, ಡ್ರಿಪ್ ಗಂಟೆಗೆ 100 ಮಿ.ಲೀ. ಹೋಗುತ್ತಿದೆ. ಮಗಳು ಚೀಟಿ ಓದಿ ನೀರು ಕೊಡಲು ಹೊರಟಿದ್ದಳು, ತಡೆದು ಹೇಳಿದ್ದೇನೆ. ಇನ್ನೊಮ್ಮೆ ನೀವೂ ಹೇಳಿ. ಕಾಂಟ್ರಾಸ್ಟ್ ಕಾರಣಕ್ಕೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗಿಲ್ಲ, ಆದರೆ ಊಟವೇ ಇಲ್ಲದ ಕಾರಣ ರಾತ್ರಿಯ ಮಾತ್ರೆ ಕೊಡುವ ಮುಂಚೆ ಡಾಕ್ಟರನ್ನು ಕೇಳಿ. 6 ಗಂಟೆಯ ಸಕ್ಕರೆ 164.

ರಿಪೋರ್ಟ್ ಚೆನ್ನಾಗಿದ್ದರೆ ನಾಳೆಯೇ ಮನೆಗೆ ಹೋಗುತ್ತೇವೆ ಎನ್ನುತ್ತಿದ್ದಾರೆ. ಚರ್ಮದ ಪ್ರತಿಕ್ರಿಯೆ ತಡವಾಗಿ, ಒಂದು ವಾರದೊಳಗೆ ಯಾವಾಗ ಬೇಕಾದರೂ ಬರಬಹುದು. ಮನೆ ಪೆರ್ಲದಿಂದ ಒಳಗೆ, ಮಳೆಗೆ ತೋಡು ತುಂಬಿದರೆ ರಾತ್ರಿ ಜೀಪು ಬರುವುದಿಲ್ಲ ಎಂದು ಗಂಡನೇ ಹೇಳಿದರು. ಬಿಡುಗಡೆ ಬರೆಯುವ ಮುಂಚೆ ಇದು ಡಾಕ್ಟರ ಕಿವಿಗೆ ಬೀಳಲಿ.

ಸಿಟಿ ರೂಮಿಗೆ

ಚಿತ್ರಗಳು, 1 ಮಿ.ಮೀ. ತೆಳು ಸ್ಲೈಸ್ ಸಮೇತ, ಹೋಗಿವೆ. ಏನು ಕಂಡಿತು ಎಂದು ಮನೆಯವರು ಕೇಳಿದರು, ಡಾಕ್ಟರೇ ಹೇಳುತ್ತಾರೆ ಎಂದಿದ್ದೇನೆ. ಎಮರ್ಜೆನ್ಸಿ ಟ್ರೇಯಿಂದ ಫೆನಿರಮೈನ್ ಒಂದು ಆಂಪೂಲ್ ಹೋಗಿದೆ. ಫಾರ್ಮಸಿಗೆ ಚೀಟಿ ಕೊಟ್ಟೆ, ಇನ್ನೂ ಬಂದಿಲ್ಲ. ಮುಂದಿನ ಕಾಂಟ್ರಾಸ್ಟ್ ಶುರು ಮಾಡುವ ಮುಂಚೆ ಅದನ್ನು ತರಿಸಿಕೊಳ್ಳಿ. ಅಡ್ರಿನಲಿನ್ ಎರಡು ಇವೆ, ವಾರ್ಮರಿನಲ್ಲಿ ಬಾಟಲಿ ಮೂರು.

ಕನ್ಸೋಲಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇನೆ: "ಹಿಂದೆ ಇಂಜೆಕ್ಷನ್ ಹಾಕಿ ಫೋಟೋ ಅಥವಾ ಸ್ಕ್ಯಾನ್ ತೆಗೆದದ್ದು ಉಂಟಾ? ಆಗ ಮೈ ಎದ್ದಿತ್ತಾ, ತುರಿಸಿತ್ತಾ, ಉಸಿರು ಕಟ್ಟಿತ್ತಾ?" ರಾತ್ರಿ ಎರಡು ಕಾಂಟ್ರಾಸ್ಟ್ ಸ್ಕ್ಯಾನ್ ಬಾಕಿ ಇವೆ. ಇಬ್ಬರಿಗೂ ಇದನ್ನೇ ಓದಿ ಕೇಳಿ. ಒಬ್ಬರು ತುಳು ಮಾತ್ರ ಆಡುವ ಅಜ್ಜ, ಜೊತೆಗೆ ಮೊಮ್ಮಗ ಇದ್ದಾನೆ, ಅವನನ್ನು ಒಳಗೆ ಕರೆದುಕೊಳ್ಳಿ.

ಹಾಸಿಗೆ 14ರ ವಿಷಯ ಏನಿದ್ದರೂ ಎಷ್ಟು ಹೊತ್ತಿಗಾದರೂ ನನಗೆ ಫೋನ್ ಮಾಡಿ. ಡ್ಯೂಟಿ ಪಟ್ಟಿಯಲ್ಲಿ ನಂಬರ್ ಇದೆ.